ಒಂದು ಮರುಪ್ರಶ್ನೆಗೆ ಒಂದು ದಿನ

"ಸ್ಯಾನ್ ಫ್ರಾನ್ಸಿಸ್ಕೋದವರ ಜೊತೆ ಟೈಮೇ ಸಾಲಲ್ಲ ಸಾರ್, ಇನ್ನೊಂದು ಕಾಲ್ ಇಡೋಣ." ಬೆಂಗಳೂರಿನ ಟೀಮ್ ಲೀಡ್‌ಗಳು ನನ್ನ ಹತ್ತಿರ ಬಂದು ಹೇಳುವ ಮೊದಲ ಮಾತು ಇದು. ಕಾಲ್ ಆಮೇಲೆ, ಮೊದಲು ನಿಮ್ಮ ಚಾಟ್ ತೋರಿಸಿ ಎನ್ನುತ್ತೇನೆ.

ಚಾಟ್‌ನಲ್ಲಿ ಸೋಮವಾರ ಸಂಜೆ 6.30ಕ್ಕೆ ಹೀಗಿರುತ್ತದೆ: "ಪೇಮೆಂಟ್ ಟೆಸ್ಟ್ ಫೇಲ್ ಆಗ್ತಿದೆ, ಸ್ವಲ್ಪ ನೋಡ್ತೀರಾ?" ಬೇಸಿಗೆಯಲ್ಲಿ ಅಲ್ಲಿಯವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅವರು ಬೆಳಿಗ್ಗೆ 9ಕ್ಕೆ ಇದನ್ನು ಓದುವಾಗ ನಮಗೆ ರಾತ್ರಿ 9.30. "ಯಾವ ಟೆಸ್ಟ್?" ಎಂದು ಕೇಳುತ್ತಾರೆ. ನಾವು ಉತ್ತರಿಸುವುದು ಮಂಗಳವಾರ ಬೆಳಿಗ್ಗೆ, ಆಗ ಅವರು ಮಲಗುವ ಹೊತ್ತು. ಅವರ ಪರಿಹಾರ ನಮ್ಮ ಕೈಗೆ ಸಿಗುವುದು ಬುಧವಾರ. ಎರಡು ಪದದ ಮರುಪ್ರಶ್ನೆ ಒಂದು ಇಡೀ ದಿನ ತಿಂದಿತು, ಅಲ್ವಾ? ಶುಕ್ರವಾರ ಸಂಜೆ ಕೇಳಿದ್ದರೆ ಮುಂದಿನ ಮಂಗಳವಾರವೇ ಗತಿ.

ಅದೇ ಮೆಸೇಜ್ ಹೀಗಿದ್ದರೆ? "ಸ್ಟೇಜಿಂಗ್‌ನಲ್ಲಿ, ಇವತ್ತಿನ ಬಿಲ್ಡ್‌ನಲ್ಲಿ, ರೀಫಂಡ್ ಟೆಸ್ಟ್ ಫೇಲ್ ಆಗ್ತಿದೆ. ಲಾಗ್ ಲಿಂಕ್ ಇಲ್ಲಿದೆ. ಟೈಮ್‌ಔಟ್ ಜಾಸ್ತಿ ಮಾಡಿದರೂ ಸರಿಹೋಗಲಿಲ್ಲ. ರೀಟ್ರೈ ತೆಗೆಯಬಹುದಾ? ನಿಮ್ಮಿಂದ ಉತ್ತರ ಬರದಿದ್ದರೆ ನಾಳೆ ನಮ್ಮ ಬ್ರಾಂಚ್‌ನಲ್ಲಿ ತೆಗೆದು ನೋಡ್ತೇವೆ."

ಎಷ್ಟು ಹೇಳಿದರೂ ಜನ ಬಿಟ್ಟುಬಿಡುವುದು ಆ ಕೊನೆಯ ಸಾಲನ್ನೇ. ಅದಿದ್ದರೆ ಆ ಕಡೆಯವರು ರಜೆಯಲ್ಲಿದ್ದರೂ ನಿಮ್ಮ ಬೆಳಗು ಖಾಲಿ ಹೋಗುವುದಿಲ್ಲ. ಆದರೆ ವಾಪಸ್ ತಿರುಗಿಸಬಹುದಾದ ಕೆಲಸಕ್ಕೆ ಮಾತ್ರ ಇದನ್ನು ಬರೆಯಿರಿ. ಗ್ರಾಹಕರ ಡೇಟಾ ಅಳಿಸುವಂಥದ್ದಕ್ಕೆ ಒಪ್ಪಿಗೆ ಬರುವ ತನಕ ಕಾಯಲೇಬೇಕು. ಸರ್ವರ್ ಬಿದ್ದರೆ ಬರೆಯುತ್ತಾ ಕೂರಬೇಡಿ, ಫೋನ್ ಮಾಡಿ.

ಟೀ ಕುಡಿಯುತ್ತಾ ಆಫೀಸಿನಲ್ಲಿ ಆದ ತೀರ್ಮಾನಕ್ಕೂ ಇದೇ ಮಾತು. ಹುಬ್ಬಳ್ಳಿಯ ಮನೆಯಿಂದ ಕೆಲಸ ಮಾಡುವ ಹುಡುಗಿಗೆ ಅದು ಗೊತ್ತಾಗುವುದಿಲ್ಲ, ಅಮೆರಿಕದವರಿಗೂ ಇಲ್ಲ. ಏನು ತೀರ್ಮಾನ, ಯಾಕೆ ಎಂದು ಅವತ್ತೇ ಟಿಕೆಟ್‌ನಲ್ಲಿ ಎರಡು ಸಾಲು ಹಾಕಿ.

ಇಷ್ಟು ಬರೆಯುವ ಅಭ್ಯಾಸವಾದರೆ ಇಬ್ಬರೂ ಕಾಲ್‌ನಲ್ಲಿ ಸೇರುವ ಸಮಯವನ್ನು ಯಾರು ಏನು ಮಾಡಿದರು ಎಂಬ ವರದಿಗೆ ಸುಮ್ನೆ ಕಳೆಯಬೇಕಾಗಿಲ್ಲ. ಬರಹದಲ್ಲಿ ಎರಡು ಸುತ್ತು ಬಂದರೂ ಬಗೆಹರಿಯದ ಜಗಳವನ್ನು ಅಲ್ಲಿಗೆ ತನ್ನಿ. ವಾರಕ್ಕೆ ಎರಡು ಕಾಲ್ ಸಾಕಾಗಬಹುದು. ಒಂದು ನಮ್ಮ ರಾತ್ರಿ 9ಕ್ಕೆ, ಇನ್ನೊಂದು ನಮ್ಮ ಬೆಳಿಗ್ಗೆ 7.30ಕ್ಕೆ, ಅಂದರೆ ಅವರ ಹಿಂದಿನ ಸಂಜೆ 7ಕ್ಕೆ. ಕಷ್ಟ ಇಬ್ಬರಿಗೂ ಹಂಚಿಹೋಗುತ್ತದೆ.

ನವೆಂಬರ್‌ನ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ, ನಮ್ಮದು ಸರಿಯುವುದಿಲ್ಲ. ಇನ್ವೈಟ್ ಅವರ ಸಮಯಕ್ಕೆ ಕಟ್ಟಿದ್ದರೆ ನಿಮ್ಮ 9ರ ಕಾಲ್ 10ಕ್ಕೆ ಹೋಗಿರುತ್ತದೆ. ಮನೆಯಲ್ಲಿ ಸಣ್ಣ ಮಗು ಇರುವವರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಅಕ್ಟೋಬರ್‌ನಲ್ಲೇ ಒಬ್ಬೊಬ್ಬರನ್ನೂ ಕೇಳಿ, ಸಮಯ ಬದಲಿಸಿ.