ವಾರಂಟಿ ಮುಗಿದ ಕೂಡಲೇ ಟಿವಿ ಕೆಡೋದು ಯಾಕೆ?

ಪ್ರಶ್ನೆ: ವಾರಂಟಿ ಮುಗಿದ ಸ್ವಲ್ಪ ದಿನಕ್ಕೇ ಟಿವಿ ಕೆಡುತ್ತದೆ. ಇಷ್ಟು ದಿನಕ್ಕೆ ಕೆಡಲಿ ಅಂತ ಕಂಪನಿಯವರು ಒಳಗೆ ಟೈಮರ್ ಚಿಪ್ ಇಟ್ಟಿರ್ತಾರಂತೆ, ಹೌದಾ ಅಣ್ಣ?

ಇಲ್ಲ. ಡೊಂಬಿವಲಿಯ ನನ್ನ ಅಂಗಡಿಗೆ ಟಿವಿ ಹೊತ್ತು ತರುವ ಅರ್ಧ ಜನ ಇದನ್ನೇ ಕೇಳುತ್ತಾರೆ. ಇಷ್ಟು ವರ್ಷದಿಂದ ಬೋರ್ಡ್ ಬಿಚ್ಚುತ್ತಿದ್ದೇನೆ, ಅಂಥ ಚಿಪ್ ಒಂದೂ ಕಂಡಿಲ್ಲ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಬೆಳಗಿನಿಂದ ಸಂಜೆವರೆಗೆ ಬೋರ್ಡ್ ನೋಡುವವರಿದ್ದಾರೆ. ಅವರ ಕಣ್ಣಿಗೂ ಬೀಳದೆ ಅದು ಉಳಿಯೋದು ಸಾಧ್ಯವಿಲ್ಲ.

ಟೈಮರ್ ಇದ್ದರೆ ಒಂದೇ ದಿನ ಕೊಂಡ ಎರಡು ಟಿವಿ ಒಟ್ಟಿಗೇ ಕೆಡಬೇಕು, ಅಲ್ವಾ? ನಮ್ಮ ಬಿಲ್ಡಿಂಗ್‌ನಲ್ಲೇ ಅಕ್ಕಪಕ್ಕದ ಎರಡು ಮನೆಯವರು ಒಂದು ದೀಪಾವಳಿಗೆ ಒಂದೇ ಮಾಡೆಲ್ ತಂದರು. ಒಬ್ಬರು ಅದನ್ನು ಶೋಕೇಸಿನ ಗೂಡಿನೊಳಗೆ ತೂರಿಸಿದರು, ಹಿಂದೆ ಕೈ ಹಾಕಲೂ ಜಾಗವಿಲ್ಲ. ಇನ್ನೊಬ್ಬರು ಮೇಜಿನ ಮೇಲಿಟ್ಟರು. ಗೂಡಿನದು ಮೂರು ವರ್ಷದೊಳಗೆ ನನ್ನ ಅಂಗಡಿಗೆ ಬಂತು. ಮೇಜಿನದು ಇವತ್ತಿಗೂ ನಡೆಯುತ್ತಿದೆ.

ಕೆಟ್ಟದ್ದು ಪವರ್ ಬೋರ್ಡಿನ ಒಂದು ಕೆಪ್ಯಾಸಿಟರ್. ಬೆರಳ ತುದಿಯಷ್ಟಿನ ಪುಟ್ಟ ಡಬ್ಬಿ, ಒಳಗೆ ದ್ರವ. ಮೈಮೇಲೆ 105 ಡಿಗ್ರಿ ಅಂತ ಬರೆದಿರುತ್ತದೆ. ಸಾಧಾರಣ ಮಾಲು 105 ಡಿಗ್ರಿ ಬಿಸಿಯಲ್ಲಿ 2000 ಗಂಟೆ ಬಾಳುತ್ತದೆ. ಹತ್ತು ಡಿಗ್ರಿ ಬಿಸಿ ಇಳಿದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ. ಈಗ ಲೆಕ್ಕ ಹಾಕಿ. ಬೋರ್ಡಿನ ಬಿಸಿ ಹೀರುವ ಲೋಹದ ತುಂಡು, ಅಂದರೆ ಹೀಟ್ ಸಿಂಕ್‌ಗೆ ಅಂಟಿಕೊಂಡು, ಗಾಳಿಯಿಲ್ಲದೆ 85 ಡಿಗ್ರಿಯಲ್ಲಿ ಬೇಯುವ ಕೆಪ್ಯಾಸಿಟರ್‌ಗೆ 8000 ಗಂಟೆ. ದಿನಕ್ಕೆ 8 ಗಂಟೆ ಟಿವಿ ಓಡಿದರೆ 1000 ದಿನ, ಅಂದರೆ ಮೂರು ವರ್ಷವೂ ಇಲ್ಲ. ಅದೇ ಕೆಪ್ಯಾಸಿಟರ್ 65 ಡಿಗ್ರಿಯಲ್ಲಿದ್ದರೆ 32000 ಗಂಟೆ, ಹತ್ತಿರ ಹತ್ತಿರ 11 ವರ್ಷ. ಆ ಗಂಟೆ ಮುಗಿದ ಕ್ಷಣಕ್ಕೆ ಅದು ಸಾಯುವುದಿಲ್ಲ, ಒಳಗಿನ ದ್ರವ ಒಣಗುತ್ತಾ ಶಕ್ತಿ ಕುಂದುತ್ತದೆ. ಟಿವಿ ಆನ್ ಆಗಲು ದಿನದಿಂದ ದಿನಕ್ಕೆ ಜಾಸ್ತಿ ಹೊತ್ತು ಹಿಡಿಯೋದು, ಸ್ಟ್ಯಾಂಡ್‌ಬೈ ಲೈಟ್ ಸುಮ್ನೆ ಮಿಣುಕೋದು ಅದರ ಗುರುತು. ಬಿಚ್ಚಿದರೆ ಕೆಪ್ಯಾಸಿಟರ್‌ನ ತಲೆ ಉಬ್ಬಿರುತ್ತದೆ. ನೀವು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅಲ್ಲಿನ ದೊಡ್ಡ ಕೆಪ್ಯಾಸಿಟರ್ 300 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು.

"ಐಫೋನ್ ನಿಧಾನ ಮಾಡಿದ್ರಲ್ಲ, ಅದು?" ಅಂತ ಕೇಳುವವರಿದ್ದಾರೆ. ಅದೂ ಟೈಮರ್ ಅಲ್ಲ. ಹಳೆಯ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದೆ ಫೋನ್ ಆಫ್ ಆಗುತ್ತಿತ್ತು. ಅದನ್ನು ತಪ್ಪಿಸಲು ವೇಗ ತಗ್ಗಿಸಿದರು. ಬ್ಯಾಟರಿ ಬದಲಿಸಿದರೆ ವೇಗ ವಾಪಸ್ ಬರುತ್ತಿತ್ತು. ಆದರೆ ಇದನ್ನು ಗಿರಾಕಿಗೆ ಹೇಳಲಿಲ್ಲ. 2017ರ ಕೊನೆಗೆ ಆಪಲ್ ಒಪ್ಪಿಕೊಂಡಿತು. ಹೇಳದೆ ಮಾಡಿದ್ದಕ್ಕೆ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು.

ಹಾಗಾದರೆ ಕಂಪನಿಯದ್ದು ತಪ್ಪೇ ಇಲ್ಲವಾ? ಇದೆ. ಕೆಪ್ಯಾಸಿಟರನ್ನು ಹೀಟ್ ಸಿಂಕ್ ಪಕ್ಕ ಕೂರಿಸಿದವರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಜಾಸ್ತಿ ಬಾಳುವ ಮಾಲು ಹಾಕಲು ಕೆಲವೇ ರೂಪಾಯಿ ಸಾಕು, ಆದರೆ ಲಕ್ಷ ಟಿವಿಗೆ ಅದೇ ದೊಡ್ಡ ಮೊತ್ತ. ಶೋರೂಮಿನಲ್ಲಿ ನಾವು ನೋಡೋದು ಇಂಚು ಮತ್ತು ಬೆಲೆ. ಒಳಗಿನ ಮಾಲು ಯಾರಿಗೂ ಕಾಣದು. ಅಷ್ಟರ ಮಟ್ಟಿಗೆ ಅವರ ಕಷ್ಟ ನನಗೆ ಅರ್ಥವಾಗುತ್ತದೆ.

ಅರ್ಥವಾಗದ್ದು ಮುಂದಿನದು. ಗೂಡಿನ ಟಿವಿಯವರು ಮೊದಲು ಹೋದದ್ದು ಕಂಪನಿಯ ಸರ್ವಿಸ್ ಸೆಂಟರಿಗೆ. "ಪಾರ್ಟ್ ರಿಪೇರಿ ಮಾಡಲ್ಲ, ಇಡೀ ಬೋರ್ಡ್ ಬದಲಿಸಬೇಕು" ಅಂದರಂತೆ. ಹೇಳಿದ ರೇಟು ಹೊಸ ಟಿವಿಯ ಅರ್ಧ ಬೆಲೆಗೆ ಬಂದಿತ್ತು. ನಾನು ಹಾಕಿದ ಕೆಪ್ಯಾಸಿಟರ್‌ನ ಬೆಲೆ ಹತ್ತಿಪ್ಪತ್ತು ರೂಪಾಯಿ, ಕೆಲಸ ಅರ್ಧ ಗಂಟೆ. ಆ ಮಾತು ನಂಬಿದ್ದರೆ ಒಂದು ಗೆರೆಯೂ ಇಲ್ಲದ ಪ್ಯಾನೆಲ್ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಗಾಡಿ ಏರುತ್ತಿತ್ತು. ಬೋರ್ಡಿನ ತಾಮ್ರ, ಅಲ್ಯೂಮಿನಿಯಂ ಕಿತ್ತುಕೊಂಡು ಉಳಿದದ್ದನ್ನು ಎಸೆಯುತ್ತಾರೆ. ಬೇಕೆಂತಲೇ ಕೆಡಿಸುವುದು ಅಂತ ನಾನು ಕರೆಯೋದು ಇದನ್ನೇ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಸ್ಮಾರ್ಟ್ ಟಿವಿಯಲ್ಲಿ ದಿನ ಎಣಿಸುವ ಜಾಗ ಒಂದು ನಿಜವಾಗಿಯೂ ಇದೆ, ಅದು ಸಾಫ್ಟ್‌ವೇರ್. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಮೇಲೆ ಆ್ಯಪ್‌ಗಳು ಒಂದೊಂದಾಗಿ ತೆರೆಯುವುದು ನಿಲ್ಲುತ್ತವೆ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಕೊಳ್ಳುವಾಗಲೇ ಕೇಳಿ, ಬರಹದಲ್ಲಿ ಕೇಳಿ. ಈಗಾಗಲೇ ನಿಂತಿದ್ದರೆ ಟಿವಿ ಬದಲಿಸಬೇಡಿ. ಹಿಂದಿನ ಎಚ್‌ಡಿಎಂಐ ಕಿಂಡಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಆಯಿತು, ಎಲ್ಲಾ ಆ್ಯಪ್ ಅದರಲ್ಲೇ ಓಡುತ್ತವೆ. ಹಾಗೇ ಟಿವಿಯನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದಿಡಿ.