ಬೇರೆ ವಿಭಾಗಕ್ಕೆ ವರ್ಗ ಕೇಳುವಾಗ ಈಗಿನ ಮ್ಯಾನೇಜರ್‌ಗೆ ಹೇಳುವ ಕ್ರಮ: ನನ್ನ ಟಿಪ್ಪಣಿ

ನಾನಿರುವುದು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಗೋಡೌನ್ ಕಡೆ. ತೋಟಗಳಿಂದ ಬರುವ ಪಾರ್ಚ್‌ಮೆಂಟ್, ಚೆರ್ರಿ ಮೂಟೆಗಳನ್ನು ತೂಕ ಹಾಕಿಸಿ, ತೇವಾಂಶ ನೋಡಿಸಿ, ಲಾಟ್ ನಂಬರ್ ಕೊಟ್ಟು ಇಳಿಸುವ ಕೆಲಸ. ಹೋಗಬೇಕು ಅಂತಿರುವುದು ಕ್ವಾಲಿಟಿ ಲ್ಯಾಬ್‌ಗೆ. ಎಷ್ಟು ಸರ್ವೀಸ್ ಆಗಿರಬೇಕು, ಯಾವ ಫಾರ್ಮ್ ತುಂಬಬೇಕು ಅನ್ನುವುದೆಲ್ಲ ಎಚ್‌ಆರ್ ಹತ್ತಿರ ಬರಹದಲ್ಲೇ ಇರುತ್ತದೆ, ಓದಿಕೊಂಡರೆ ಸಾಕು. ತಲೆ ಕೆಡಿಸಿದ್ದು ಬೇರೆ ಎರಡು ವಿಷಯ.

ಯಾರಿಗೆ ಮೊದಲು?

ಲ್ಯಾಬ್‌ನವರನ್ನು ವಿಚಾರಿಸದೆ ನಮ್ಮ ಮ್ಯಾನೇಜರ್ ಹತ್ತಿರ ಹೋದರೆ, "ಅಲ್ಲಿ ಜಾಗ ಇದೆಯೇನಪ್ಪಾ?" ಅಂತ ಕೇಳುತ್ತಾರೆ, ಉತ್ತರ ಇರುವುದಿಲ್ಲ. ಲ್ಯಾಬ್‌ನಲ್ಲೇ ಮೊದಲು ಮಾತಾಡಿದರೆ ಬೆನ್ನ ಹಿಂದೆ ಮಾಡಿದ ಹಾಗಾಗುತ್ತದೆ. ಗೆರೆ ಎಲ್ಲಿದೆ ಅಂದರೆ: ಮಾಹಿತಿ ಕೇಳಬಹುದು, ಜಾಗ ಕೇಳಬಾರದು. "ಲ್ಯಾಬ್‌ಗೆ ಬರುವವರಿಗೆ ಏನೇನು ಗೊತ್ತಿರಬೇಕು ಮೇಡಂ? ಈ ವರ್ಷ ಯಾರನ್ನಾದರೂ ತಗೊಳ್ತೀರಾ?" ಇಲ್ಲಿಗೆ ಸರಿ. "ನನ್ನನ್ನ ತಗೊಳ್ಳಿ" ಅನ್ನುವುದು ನಮ್ಮ ಮ್ಯಾನೇಜರ್‌ಗೆ ಹೇಳಿದ ಮೇಲೆ. ಇನ್ನು ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಕಂಪನಿಗಳಲ್ಲಿ ಅರ್ಜಿ ಒತ್ತಿದ ಕೂಡಲೇ ಒಪ್ಪಿಗೆಗೆ ಅಂತ ರಿಪೋರ್ಟಿಂಗ್ ಮ್ಯಾನೇಜರ್‌ಗೇ ಮೇಲ್ ಹೋಗುತ್ತದೆ. ಅವರಿಗೆ ವಿಷಯ ಮೊದಲು ಗೊತ್ತಾಗುವುದು ಆ ಮೇಲ್‌ನಿಂದ ಆದರೆ ಮುಂದಿನ ಮಾತು ಕಷ್ಟ.

ಒಪ್ಪಿಗೆ ಬೇರೆ, ರಿಲೀವ್ ಬೇರೆ

ಇದು ಅರ್ಥವಾಗಲು ನನಗೆ ಜಾಸ್ತಿ ಹೊತ್ತು ಹಿಡಿಯಿತು. "ಸರ್, ನನ್ನನ್ನ ಲ್ಯಾಬ್‌ಗೆ ಕಳಿಸ್ತೀರಾ?" ಅಂದರೆ ಕೇಳುವುದಕ್ಕೆ ಒಂದೇ ಪ್ರಶ್ನೆ. ಆದರೆ ಅದರೊಳಗೆ ಎರಡಿವೆ. ನಾನು ಹೋಗುವುದು ಅವರಿಗೆ ಸರಿಯೇ, ಒಂದು. ಯಾವತ್ತು ಬಿಡುತ್ತಾರೆ, ಇನ್ನೊಂದು. ಎರಡನ್ನೂ ಒಟ್ಟಿಗೆ ಕೇಳಿದರೆ, ಎರಡನೆಯದಕ್ಕೆ ಬರುವ "ಆಗಲ್ಲ" ಮೊದಲನೆಯದನ್ನೂ ನುಂಗಿಬಿಡುತ್ತದೆ.

ನಮ್ಮ ಕಡೆ ಲೆಕ್ಕ ಹೀಗೆ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿ. ಅದರ ಬೆನ್ನಿಗೇ ರೊಬಸ್ಟಾ, ಮಾರ್ಚ್‌ವರೆಗೂ ಎಳೆಯುತ್ತದೆ. ಒಣಗಿದ ಮಾಲು ಲಾರಿಯಲ್ಲಿ ಬರುವುದು ಅದರ ಹಿಂದೆಯೇ. ಜನವರಿಯಲ್ಲಿ ಗೇಟ್ ಮುಂದೆ ಲಾರಿ ಸಾಲು ನಿಂತಿರುವಾಗ ಹೋಗಿ ಕೇಳಿದರೆ ಯಾವ ಮ್ಯಾನೇಜರೂ ಬಿಡುವುದಿಲ್ಲ. ಅದು ನನ್ನ ಮೇಲಿನ ಸಿಟ್ಟಲ್ಲ, ಸೀಸನ್ ಅಷ್ಟೇ. ಹಾಗಾಗಿ ಮಾತನ್ನು ಹೀಗೆ ಒಡೆಯಬೇಕು:

"ಸರ್, ಲ್ಯಾಬ್ ಕೆಲಸ ಕಲಿಯಬೇಕು ಅಂತ ಆಸೆ ಇದೆ. ಬೇರೆಯವರಿಂದ ಕೇಳೋದಕ್ಕಿಂತ ಮೊದಲು ನಿಮಗೇ ಹೇಳೋಣ ಅಂತ ಬಂದೆ. ಈ ಸೀಸನ್ ಪೂರ್ತಿ ಇಲ್ಲೇ ಇರ್ತೀನಿ. ನಿಮ್ಮ ಅಭ್ಯಂತರ ಇಲ್ಲಾಂದ್ರೆ ಲ್ಯಾಬ್ ಮೇಡಂ ಹತ್ತಿರ ಮಾತಾಡ್ಲಾ?"

ಇಲ್ಲಿ ಕೇಳಿರುವುದು ಒಪ್ಪಿಗೆ ಮಾತ್ರ. ಅದು ಸಿಕ್ಕ ಮೇಲೆ ಎರಡನೇ ಸಲ ಕೂತು ತಾರೀಖು. ಆವಾಗ ಕೈಯಲ್ಲಿ ಒಂದು ಹಾಳೆ ಇರಬೇಕು: ಯಾವ ತೋಟದ ಲಾಟ್ ಯಾವ ಅಟ್ಟಿಯಲ್ಲಿದೆ, ಯಾವುದರ ತೂಕದ ತಕರಾರು ಇನ್ನೂ ಮುಗಿದಿಲ್ಲ, ನನ್ನ ಜಾಗಕ್ಕೆ ಯಾರನ್ನು ತಯಾರು ಮಾಡಬಹುದು. ಮೂರನೆಯದೇ ಮುಖ್ಯ. ಮ್ಯಾನೇಜರ್‌ಗೆ ಚಿಂತೆ ಇರುವುದು ನಾನು ಹೋಗುವುದರ ಬಗ್ಗೆ ಅಲ್ಲ, ಮಾರನೇ ದಿನ ತೂಕದ ಚೀಟಿ ಬರೆಯುವವರು ಯಾರು ಅನ್ನುವುದರ ಬಗ್ಗೆ.

ಲ್ಯಾಬ್‌ನವರು "ಯಾವಾಗ ಬರ್ತೀಯಾ?" ಅಂತ ಕೇಳಿದರೆ ಸುಮ್ನೆ ಒಂದು ತಾರೀಖು ಹೇಳಿಬಿಡಬೇಡಿ. ಕೊಡಬೇಕಾದವರು ನಮ್ಮ ಮ್ಯಾನೇಜರ್. "ಸರ್ ಹತ್ತಿರ ಮಾತಾಡಿ ಹೇಳ್ತೀನಿ" ಅಂದರೆ ಸಾಕು. ಆಮೇಲೆ ಇಬ್ಬರು ಮುಖ್ಯಸ್ಥರೂ ನೇರವಾಗಿ ಮಾತಾಡಿಕೊಳ್ಳಲಿ.

"ನೋಡೋಣ" ಅಂದರೆ?

ತಾರೀಖೂ ಇಲ್ಲ, ಬದಲಿ ಆಳಿನ ಹೆಸರೂ ಇಲ್ಲ ಅಂದರೆ ಅದು ಇನ್ನೂ ಒಪ್ಪಿಗೆ ಅಲ್ಲ. ಅವತ್ತೇ ಒಂದು ಚಿಕ್ಕ ಮೇಲ್ ಹಾಕುವುದು ಒಳ್ಳೆಯದು:

"ಸರ್, ಇವತ್ತು ಮಾತಾಡಿದಂತೆ ಮಾರ್ಚ್ ಕೊನೆಯವರೆಗೆ ಗೋಡೌನ್ ಕೆಲಸ ನೋಡಿಕೊಳ್ಳುತ್ತೇನೆ. ಏಪ್ರಿಲ್ ಮೊದಲ ವಾರ ರಿಲೀವ್ ಬಗ್ಗೆ ಮತ್ತೆ ಕೂರೋಣ ಅಂದಿದ್ದೀರಿ. ತಪ್ಪಾಗಿ ತಿಳಿದುಕೊಂಡಿದ್ದರೆ ಹೇಳಿ."

ಎಚ್‌ಆರ್‌ಗೆ ಕಾಪಿ ಹಾಕಬೇಡಿ. ಮೊದಲ ಮೇಲ್‌ಗೇ ಕಾಪಿ ಹಾಕಿದರೆ ದೂರು ಕೊಟ್ಟ ಹಾಗೆ ಕಾಣುತ್ತದೆ, ಅಲ್ವಾ? ಏಪ್ರಿಲ್ ಬಂದು, ಎರಡು ಸಲ ನೆನಪಿಸಿದರೂ ತಾರೀಖು ಸಿಗದಿದ್ದರೆ ಆಗ ಎಚ್‌ಆರ್ ಹತ್ತಿರ ಹೋಗಬಹುದು. ಅದನ್ನೂ ಮ್ಯಾನೇಜರ್‌ಗೆ ಹೇಳಿಯೇ.

ಅಪ್ರೈಸಲ್

ವರ್ಷದ ಮಧ್ಯೆ ಹೋದರೆ ಹಳೇ ತಿಂಗಳುಗಳ ಕೆಲಸ ಹೊಸ ಮುಖ್ಯಸ್ಥರಿಗೆ ಗೊತ್ತಿರುವುದಿಲ್ಲ. ರಿಲೀವ್ ಆಗುವ ಮೊದಲೇ ಈಗಿನ ಮ್ಯಾನೇಜರ್‌ನಿಂದ ಅಷ್ಟು ದಿನದ ಅಭಿಪ್ರಾಯ ಬರಹದಲ್ಲಿ ಹಾಕಿಸಿಕೊಳ್ಳಿ. ಸಂಬಳ, ಗ್ರೇಡ್ ಬದಲಾಗುತ್ತದಾ ಅನ್ನುವುದನ್ನು ಆದೇಶದ ಪ್ರತಿ ಕೈಗೆ ಬಂದಾಗಲೇ ಓದಿ ನೋಡಬೇಕು.