ಭದ್ರತಾ ಮಂಡಳಿಯ ಆದೇಶವನ್ನು ಪ್ರಶ್ನಿಸುವವರು ಯಾರು?

ವಿಶ್ವಸಂಸ್ಥೆಯ ಸನ್ನದಿನ 25ನೇ ವಿಧಿಯಲ್ಲಿ, ಭದ್ರತಾ ಮಂಡಳಿಯ ತೀರ್ಮಾನಗಳನ್ನು ಸನ್ನದಿಗೆ ಅನುಸಾರವಾಗಿ ಒಪ್ಪಿ ಜಾರಿಗೊಳಿಸುವುದಾಗಿ ಸದಸ್ಯ ರಾಷ್ಟ್ರಗಳು ಮಾತು ಕೊಟ್ಟಿವೆ. ‘ಸನ್ನದಿಗೆ ಅನುಸಾರವಾಗಿ’ ಎಂಬ ಮಾತು ರಾಷ್ಟ್ರಗಳ ಪಾಲನೆಗೆ ಅನ್ವಯಿಸುತ್ತದೆಯೋ, ಮಂಡಳಿಯ ತೀರ್ಮಾನಕ್ಕೆ ಅನ್ವಯಿಸುತ್ತದೆಯೋ ಎಂಬುದು ಇಂದಿಗೂ ಚರ್ಚೆಯ ವಿಷಯ. ಎರಡನೆಯ ಅರ್ಥವನ್ನು ಒಪ್ಪಿದರೆ, ಸನ್ನದನ್ನು ಮೀರಿದ ತೀರ್ಮಾನ ಯಾರನ್ನೂ ಕಟ್ಟಿಹಾಕದು. ಮಂಡಳಿಯು ವಿಶ್ವಸಂಸ್ಥೆಯ ಧ್ಯೇಯ ಮತ್ತು ತತ್ವಗಳಿಗೆ ಬದ್ಧವಾಗಿ ನಡೆಯಬೇಕೆಂದು 24ನೇ ವಿಧಿ ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಅದು ಹಾಗೆ ನಡೆದಿದೆಯೇ ಎಂದು ತೀರ್ಮಾನಿಸುವ ಅಧಿಕಾರವನ್ನು ಸನ್ನದು ಯಾವ ನ್ಯಾಯಾಲಯಕ್ಕೂ ಕೊಟ್ಟಿಲ್ಲ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸನ್ನದು ರೂಪುಗೊಳ್ಳುವಾಗ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಇಂಥ ಪಾತ್ರ ಕೊಡಬೇಕೆಂದು ಬೆಲ್ಜಿಯಂ ಸೂಚಿಸಿತ್ತು. ಆ ಸಲಹೆಗೆ ಮನ್ನಣೆ ಸಿಗಲಿಲ್ಲ.

ಈ ಕೊರತೆ ಎದ್ದು ಕಂಡದ್ದು ಲಾಕರ್ಬಿ ಪ್ರಕರಣದಲ್ಲಿ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡ್‌ನ ಲಾಕರ್ಬಿ ಊರಿನ ಮೇಲೆ ಪ್ಯಾನ್ ಆ್ಯಮ್ ವಿಮಾನ ಸ್ಫೋಟಗೊಂಡು 270 ಮಂದಿ ಸತ್ತರು. ಲಿಬಿಯಾದ ಇಬ್ಬರು ಪ್ರಜೆಗಳ ಮೇಲೆ ಆರೋಪ ಹೊರಿಸಿದ ಅಮೆರಿಕ ಮತ್ತು ಬ್ರಿಟನ್, ಅವರನ್ನು ತಮಗೊಪ್ಪಿಸಬೇಕೆಂದು ಪಟ್ಟು ಹಿಡಿದವು. ನಾಗರಿಕ ವಿಮಾನಯಾನದ ಸುರಕ್ಷತೆ ಕುರಿತ 1971ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆರೋಪಿಗಳನ್ನು ಹಸ್ತಾಂತರಿಸುವ ಬದಲು ತನ್ನ ನೆಲದಲ್ಲೇ ವಿಚಾರಣೆಗೆ ಒಳಪಡಿಸಲು ತನಗೆ ಅವಕಾಶವಿದೆ ಎಂಬುದು ಲಿಬಿಯಾದ ವಾದ. ಅದು 1992ರ ಮಾರ್ಚ್ 3ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಮೊರೆಹೊಕ್ಕಿತು.

ಮುಂದಿನದನ್ನು ದಿನಾಂಕ ಸಮೇತ ನೋಡಬೇಕು. ಮಧ್ಯಂತರ ರಕ್ಷಣೆ ಕೋರಿದ ಅರ್ಜಿಯ ವಿಚಾರಣೆ ಮಾರ್ಚ್ 28ಕ್ಕೆ ಮುಗಿಯಿತು. ಮೂರೇ ದಿನ ಕಳೆದು, ಮಾರ್ಚ್ 31ರಂದು, ಭದ್ರತಾ ಮಂಡಳಿ 748ನೇ ನಿರ್ಣಯ ಅಂಗೀಕರಿಸಿ, ಲಿಬಿಯಾ ಬಗ್ಗದಿದ್ದರೆ ವಾಯುಸಂಚಾರ ಮತ್ತು ಶಸ್ತ್ರಾಸ್ತ್ರ ನಿರ್ಬಂಧ ಏಪ್ರಿಲ್ 15ರಿಂದ ಜಾರಿಯಾಗುತ್ತದೆಂದು ಆದೇಶಿಸಿತು. ಪರವಾಗಿ ಹತ್ತು ಮತ ಬಿದ್ದವು. ಭಾರತ ಮತ್ತು ಚೀನಾ ಸೇರಿ ಐದು ರಾಷ್ಟ್ರಗಳು ತಟಸ್ಥವಾಗಿದ್ದವು. ದಾವೆಯ ಪ್ರತಿವಾದಿಗಳೇ ಮಂಡಳಿಯ ಕಾಯಂ ಸದಸ್ಯರಾಗಿ ಈ ನಿರ್ಣಯಕ್ಕೆ ಕೈಯೆತ್ತಿದ್ದರೆಂಬುದು ಮರೆಯಲಾಗದ ಸಂಗತಿ. ಏಪ್ರಿಲ್ 14ರಂದು ನ್ಯಾಯಾಲಯ 11–5 ಬಹುಮತದಿಂದ ಲಿಬಿಯಾದ ಕೋರಿಕೆಯನ್ನು ತಳ್ಳಿಹಾಕಿತು. ಬೇರೆ ಒಪ್ಪಂದಗಳಿಗಿಂತ ಸನ್ನದಿನ ಬಾಧ್ಯತೆಯೇ ಮೇಲು ಎನ್ನುವ 103ನೇ ವಿಧಿ, ಮೇಲ್ನೋಟಕ್ಕೆ, ಮಂಡಳಿಯ ನಿರ್ಣಯಕ್ಕೂ ಅನ್ವಯಿಸುತ್ತದೆ ಎಂಬುದು ಅದರ ಕಾರಣ. ‘ಮೇಲ್ನೋಟಕ್ಕೆ’ ಎಂಬ ಆ ಪದದಲ್ಲೇ ನ್ಯಾಯಾಲಯ ಬಾಗಿಲನ್ನು ಪೂರ್ತಿ ಮುಚ್ಚದೆ ಉಳಿಸಿಕೊಂಡಿತು. 1998ರಲ್ಲಿ, ದಾವೆ ಹೂಡಿದ ದಿನದ ಸ್ಥಿತಿಯೇ ಮುಖ್ಯ, ಅನಂತರ ಬಂದ ನಿರ್ಣಯ ತನ್ನ ಅಧಿಕಾರವ್ಯಾಪ್ತಿಯನ್ನು ಕಿತ್ತುಕೊಳ್ಳದು ಎಂದು ಅದು ಹೇಳಿತು. ನಿರ್ಣಯವೇ ಸಿಂಧುವೇ ಎಂಬ ಮೂಲಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. 2003ರಲ್ಲಿ ಎರಡೂ ಕಡೆಯವರು ಒಪ್ಪಿ ದಾವೆಯನ್ನು ಕೈಬಿಟ್ಟರು.

ಹೇಗ್ ಉತ್ತರಿಸದೆ ಬಿಟ್ಟ ಪ್ರಶ್ನೆಯನ್ನು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯ ಬೇರೊಂದು ದಾರಿಯಿಂದ ತಲುಪಿತು. 1999ರ 1267ನೇ ನಿರ್ಣಯದಿಂದ ಮೊದಲಾದ ವ್ಯವಸ್ಥೆಯಲ್ಲಿ, ಭಯೋತ್ಪಾದನೆಗೆ ನೆರವಾದರೆಂಬ ಶಂಕೆಯ ಮೇಲೆ ಮಂಡಳಿಯ ಸಮಿತಿ ವ್ಯಕ್ತಿಗಳ ಪಟ್ಟಿ ಮಾಡುತ್ತಿತ್ತು. ಹೆಸರು ಸೇರಿದವರ ಆಸ್ತಿಯನ್ನು ಎಲ್ಲ ರಾಷ್ಟ್ರಗಳೂ ಸ್ತಂಭನಗೊಳಿಸಬೇಕಿತ್ತು. ಸೌದಿ ಉದ್ಯಮಿ ಯಾಸಿನ್ ಕಾದಿಯ ಹೆಸರು 2001ರ ಅಕ್ಟೋಬರ್‌ನಲ್ಲಿ ಆ ಪಟ್ಟಿಗೆ ಸೇರಿತು. ಸಾಕ್ಷ್ಯವೇನೆಂದು ಅವರಿಗೆ ತಿಳಿಸಲಿಲ್ಲ, ವಾದ ಹೇಳಿಕೊಳ್ಳಲು ಒಂದು ಪೀಠವೂ ಇರಲಿಲ್ಲ. 2005ರಲ್ಲಿ ಕೆಳಹಂತದ ಐರೋಪ್ಯ ನ್ಯಾಯಾಲಯ, ಯಾವ ರಾಷ್ಟ್ರವೂ ಮೀರಲಾಗದ ಅಂತಾರಾಷ್ಟ್ರೀಯ ಕಾನೂನಿನ ಮೂಲನಿಯಮಗಳ ಮಟ್ಟಿಗೆ ಮಾತ್ರ ನಿರ್ಣಯವನ್ನು ಪರಿಶೀಲಿಸಬಹುದೆಂದು ಹೇಳಿ ಕಾದಿಯ ಅರ್ಜಿಯನ್ನು ವಜಾಗೊಳಿಸಿತು. 2008ರ ಸೆಪ್ಟೆಂಬರ್ 3ರಂದು ಮೇಲಿನ ಪೀಠ ಇದನ್ನು ಬದಿಗಿಟ್ಟಿತು. ತಾನು ಮಂಡಳಿಯ ನಿರ್ಣಯವನ್ನಲ್ಲ, ಅದನ್ನು ಜಾರಿಗೆ ತಂದ ಐರೋಪ್ಯ ನಿಯಮಾವಳಿಯನ್ನಷ್ಟೇ ಪರಿಶೀಲಿಸುತ್ತಿದ್ದೇನೆ ಎಂದ ಅದು, ಅಹವಾಲು ಹೇಳಿಕೊಳ್ಳುವ ಹಕ್ಕಿನ ಉಲ್ಲಂಘನೆಯ ಕಾರಣಕ್ಕೆ ನಿಯಮಾವಳಿಯನ್ನು ಕಾದಿಯ ಮಟ್ಟಿಗೆ ರದ್ದುಪಡಿಸಿ, ಲೋಪ ಸರಿಪಡಿಸಲು ಮೂರು ತಿಂಗಳ ಕಾಲಾವಕಾಶ ಕೊಟ್ಟಿತು.

ಇದು ಜಾಣ ದಾರಿಯೂ ಹೌದು, ತೊಡಕಿನ ದಾರಿಯೂ ಹೌದು. ಐರೋಪ್ಯ ನಿಯಮಾವಳಿ ಬಿದ್ದುಹೋದರೂ ಮಂಡಳಿಯ ನಿರ್ಣಯ ಹಾಗೆಯೇ ಇರುತ್ತದೆ. ಅದನ್ನು ಪಾಲಿಸಬೇಕಾದ ಸದಸ್ಯ ರಾಷ್ಟ್ರ ಎರಡು ಆಜ್ಞೆಗಳ ನಡುವೆ ಸಿಕ್ಕಿಬೀಳುತ್ತದೆ. ಹೀಗಿದ್ದೂ ಮಂಡಳಿ ಮೇಲೆ ಇದರ ಒತ್ತಡ ಬಿತ್ತು ಎಂದೇ ನನ್ನ ಎಣಿಕೆ, ಏಕೆಂದರೆ 2009ರ ಡಿಸೆಂಬರ್‌ನಲ್ಲಿ ಅದು 1904ನೇ ನಿರ್ಣಯದ ಮೂಲಕ, ಪಟ್ಟಿಯಿಂದ ಹೆಸರು ತೆಗೆಯಬೇಕೆಂಬ ಮನವಿಗಳನ್ನು ಸ್ವತಂತ್ರವಾಗಿ ಪರಿಶೀಲಿಸುವ ಒಂಬುಡ್ಸ್‌ಪರ್ಸನ್ ಹುದ್ದೆಯನ್ನು ಸೃಷ್ಟಿಸಿತು. ಹೆಸರು ತೆಗೆಯಬೇಕೆಂದು ಒಂಬುಡ್ಸ್‌ಪರ್ಸನ್ ಶಿಫಾರಸು ಮಾಡಿದರೆ, ಸಮಿತಿ 60 ದಿನಗಳಲ್ಲಿ ಒಮ್ಮತದಿಂದ ವಿರೋಧಿಸದ ಹೊರತು, ಅಥವಾ ವಿಷಯವನ್ನು ಮಂಡಳಿಗೇ ಒಯ್ಯದ ಹೊರತು, ಅದು ಜಾರಿಯಾಗಬೇಕೆಂದು 2011ರಲ್ಲಿ ನಿಯಮವಾಯಿತು. ಕಾದಿಯ ಹೆಸರನ್ನು 2012ರ ಅಕ್ಟೋಬರ್‌ನಲ್ಲಿ ಪಟ್ಟಿಯಿಂದ ತೆಗೆಯಲಾಯಿತು. ಒಂಬುಡ್ಸ್‌ಪರ್ಸನ್ ಇರುವುದು ಈ ಒಂದು ಪಟ್ಟಿಗೆ ಮಾತ್ರ. ಮಂಡಳಿಯ ಉಳಿದ ನಿರ್ಬಂಧ ಪಟ್ಟಿಗಳಲ್ಲಿ ಹೆಸರು ಸೇರಿದವರಿಗೆ ಆ ನೆರವೂ ಇಲ್ಲ.